ಮೂರು ಪರ್ಸೆಂಟಿನ ‘ಇನ್ಶೂರೆನ್ಸ್’, ಗಾಡಿ ಬಾಗಿಲಲ್ಲಿ ಹಾಕಿದ ಸಹಿ

ನಮ್ಮ ಕಾಕಾನ ಮಗಳಿಗೆ ಬ್ಯಾಂಕಿನಲ್ಲಿ ಕೆಲಸ. ಹುಬ್ಬಳ್ಳಿಯಿಂದ ಪುಣೆಗೆ ವರ್ಗವಾಯಿತು. ಊರಲ್ಲಿ ಯಾರಿಗೂ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರನ್ನು ಕರೆಸಿ ರೂಢಿ ಇರಲಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಮನೆ ಬದಲಿಸುವುದೆಂದರೆ ಒಂದು ಟ್ರ್ಯಾಕ್ಟರ್, ನಾಲ್ಕು ಮಂದಿ ಗೆಳೆಯರು, ಸಂಜೆಗೆ ಎಲ್ಲರಿಗೂ ಊಟ, ಅಷ್ಟೆ. ಆದರೆ ನಾನೂರು ಕಿಲೋಮೀಟರ್ ದೂರಕ್ಕೆ ಟ್ರ್ಯಾಕ್ಟರ್ ಹೊಡೆಯಲು ಆಗದು. ಮೊಬೈಲ್‌ನಲ್ಲಿ ಹುಡುಕಿದ ಒಂದು ಕಂಪನಿಯವರು ಬಂದರು, ಸಾಮಾನು ನೋಡಿದರು, ಕೊಟೇಶನ್ ಕೊಟ್ಟರು. ಪ್ಯಾಕಿಂಗ್, ಲೋಡಿಂಗ್, ಸಾಗಣೆ ಎಲ್ಲ ಸೇರಿ 32,000 ರೂಪಾಯಿ. ಅದರ ಕೆಳಗೆ ಇನ್ನೊಂದು ಸಾಲು: ಟ್ರಾನ್ಸಿಟ್ ಇನ್ಶೂರೆನ್ಸ್, ಸಾಮಾನಿನ ಬೆಲೆಯ ಮೇಲೆ ಮೂರು ಪರ್ಸೆಂಟ್.

ಸಾಮಾನು ತುಂಬುವ ದಿನ ನಾವೂ ಹುಬ್ಬಳ್ಳಿಗೆ ಹೋಗಿದ್ದೆವು. ಸಾಮಾನಿನ ಒಟ್ಟು ಬೆಲೆ ಎಷ್ಟು ಬರೆಯಬೇಕು ಎಂದು ತಂಗಿ ಕೇಳಿದಾಗ ಕಂಪನಿಯ ಸೂಪರ್‌ವೈಸರ್ ಹೇಳಿದ ಮಾತು ಇದು: “ಒಂದೂವರೆ ಲಕ್ಷ ಅಂತ ಬರೀರಿ ಅಕ್ಕಾರ, ಸಾಕು. ಜಾಸ್ತಿ ಬರದ್ರ ಇನ್ಶೂರೆನ್ಸ್ ರೊಕ್ಕಾನೂ ಜಾಸ್ತಿ ಆಗ್ತೈತಿ, ಚೆಕ್‌ಪೋಸ್ಟ್‌ನ್ಯಾಗ ಕಿರಿಕಿರಿ ಬ್ಯಾರೆ.” ಫ್ರಿಜ್, ಟಿವಿ, ವಾಷಿಂಗ್ ಮಷೀನ್, ಎರಡು ಮಂಚ, ಸೋಫಾ, ಅಜ್ಜಿಯ ಸಾಗವಾನಿ ತೊಟ್ಟಿಲು, ಪಾತ್ರೆ ಪಡಗ ಎಲ್ಲ ಲೆಕ್ಕ ಹಾಕಿದರೆ ಮೂರು ಲಕ್ಷಕ್ಕೆ ಕಡಿಮೆ ಇರಲಿಲ್ಲ. ಆದರೂ ಒಂದೂವರೆ ಲಕ್ಷ ಎಂದೇ ಬರೆದರು. 4,500 ರೂಪಾಯಿ ‘ಇನ್ಶೂರೆನ್ಸ್’ ಕಟ್ಟಿದರು. ಅಲ್ಲೇ ನಿಂತಿದ್ದ ನಾವು, ಪೇಪರಿಗೆ ಸುದ್ದಿ ಬರೆಯುವವರು, ಒಂದು ಮಾತೂ ಕೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇವೆ.

ಮೂರನೇ ದಿನ ರಾತ್ರಿ ಒಂಬತ್ತೂವರೆಗೆ ಗಾಡಿ ಪುಣೆ ತಲುಪಿತು. ಬೇರೆ ಇಬ್ಬರ ಸಾಮಾನೂ ಅದರಲ್ಲೇ ಇತ್ತು. ಹಮಾಲರು ಗಡಿಬಿಡಿಯಲ್ಲಿ ಇಳಿಸಿದರು. ಡ್ರೈವರ್ ಒಂದು ಕಾಗದ ಮುಂದೆ ಹಿಡಿದು, ಇನ್ನೂ ಎರಡು ಕಡೆ ಹೋಗಬೇಕು, ಬೇಗ ಸಹಿ ಹಾಕಿ ಎಂದ. ಕೂಸು ಅಳುತ್ತಿತ್ತು, ಕರೆಂಟಿನ ಮೀಟರ್ ಇನ್ನೂ ಚಾಲೂ ಆಗಿರಲಿಲ್ಲ. ತಂಗಿಯ ಗಂಡ ಸಹಿ ಹಾಕಿದರು. ಆ ಕಾಗದದಲ್ಲಿ ಇಂಗ್ಲಿಷ್‌ನಲ್ಲಿ ಅಚ್ಚಾಗಿದ್ದ ಸಾಲಿನ ಅರ್ಥ ಇಷ್ಟು: ‘ಎಲ್ಲ ಸಾಮಾನು ಸುಸ್ಥಿತಿಯಲ್ಲಿ ತಲುಪಿದೆ.’

ಮರುದಿನ ಟಿವಿಯ ಪೆಟ್ಟಿಗೆ ಬಿಚ್ಚಿದರೆ ಸ್ಕ್ರೀನಿನ ಎಡಮೂಲೆಯಿಂದ ಜೇಡರಬಲೆಯ ಹಾಗೆ ಬಿರುಕು. ತೊಟ್ಟಿಲಿನ ಒಂದು ಕಾಲು ಬುಡದಲ್ಲೇ ಸೀಳಿತ್ತು. ವಾಷಿಂಗ್ ಮಷೀನ್ ಹೊರಗೆ ಒಂದು ಗೀರೂ ಇಲ್ಲದೆ ಚೆನ್ನಾಗಿತ್ತು, ಆದರೆ ಚಾಲೂ ಮಾಡಿದರೆ ಬಟ್ಟೆ ಹಿಂಡುವಾಗ ಗಿರಣಿಯ ಹಾಗೆ ಗಡಗಡ ಸದ್ದು. ತಂಗಿ ತಾನೇ ಕಟ್ಟಿದ್ದ ಗಾಜಿನ ಪಾತ್ರೆಗಳ ಪೆಟ್ಟಿಗೆಯಲ್ಲಿ ಆರು ಬಟ್ಟಲು ಚೂರಾಗಿದ್ದವು.

ಕಂಪನಿಗೆ ಫೋನ್ ಮಾಡಿದರು. “ಸುಸ್ಥಿತಿಯಲ್ಲಿ ಮುಟ್ಟಿದೆ ಅಂತ ನೀವೇ ಸಹಿ ಹಾಕೀರಲ್ಲ” ಎಂಬ ಉತ್ತರ ಬಂತು. ಇನ್ಶೂರೆನ್ಸ್ ಕಟ್ಟಿದ್ದೇವಲ್ಲ ಎಂದರೆ, ಅದನ್ನು ಆಫೀಸಿನವರು ನೋಡುತ್ತಾರೆ ಎಂದರು. ಯಾವ ಇನ್ಶೂರೆನ್ಸ್ ಕಂಪನಿ, ಪಾಲಿಸಿ ನಂಬರ್ ಏನು ಎಂದು ಕೇಳಿದ ಮೇಲೆ ಫೋನ್ ಎತ್ತುವುದೇ ನಿಂತಿತು. ಬಿಲ್ ತೆಗೆದು ನೋಡಿದೆವು. ಕೊಟೇಶನ್‌ನಲ್ಲಿ ‘ಇನ್ಶೂರೆನ್ಸ್’ ಎಂದಿದ್ದ ಸಾಲು ಬಿಲ್‌ನಲ್ಲಿ ‘ಎಫ್‌ಒವಿ’ ಆಗಿತ್ತು. ಫ್ರೇಟ್ ಆನ್ ವ್ಯಾಲ್ಯೂ, ಅಂದರೆ ಸಾಮಾನಿನ ಬೆಲೆ ನೋಡಿ ಸಾಗಣೆದಾರ ಹಾಕುವ ಹೆಚ್ಚುವರಿ ಬಾಡಿಗೆ. ಅದು ಇನ್ಶೂರೆನ್ಸ್ ಅಲ್ಲ. ಆ 4,500 ರೂಪಾಯಿ ಯಾವ ಇನ್ಶೂರೆನ್ಸ್ ಕಂಪನಿಗೂ ಹೋಗಿರಲಿಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. ನಮ್ಮ ದೇಶದಲ್ಲಿ ಇನ್ಶೂರೆನ್ಸ್ ವ್ಯವಹಾರ ಮಾಡಲು ವಿಮಾ ನಿಯಂತ್ರಣ ಪ್ರಾಧಿಕಾರದ ನೋಂದಣಿ ಬೇಕು. ಲಾರಿ ಕಂಪನಿಗೆ ಆ ಅಧಿಕಾರ ಇಲ್ಲ. ಅದು ಹೆಚ್ಚೆಂದರೆ ನಿಮ್ಮ ಪರವಾಗಿ ಒಂದು ವಿಮಾ ಕಂಪನಿಯಿಂದ ಪಾಲಿಸಿ ತಂದುಕೊಡಬಹುದು, ಅಥವಾ ತಾನು ವರ್ಷಕ್ಕೊಮ್ಮೆ ಮಾಡಿಸಿಟ್ಟ ದೊಡ್ಡ ಪಾಲಿಸಿಯ ಅಡಿಯಲ್ಲಿ ನಿಮ್ಮ ಸಾಮಾನಿಗೆ ಒಂದು ಸರ್ಟಿಫಿಕೇಟ್ ಕೊಡಿಸಬಹುದು. ಎರಡರಲ್ಲಿ ಯಾವುದಾದರೂ ಗಾಡಿ ಹೊರಡುವ ಮುಂಚೆ ವಿಮಾ ಕಂಪನಿಯ ಹೆಸರಿರುವ ಕಾಗದ ನಿಮ್ಮ ಕೈಗೆ ಬರಬೇಕು. ಕಾಗದ ಕೊಡದವರು ಆ ಸಾಲಿಗೆ ‘ಇನ್ಶೂರೆನ್ಸ್’ ಎಂದು ಹೆಸರಿಡುವುದನ್ನೇ ನಿಲ್ಲಿಸಬೇಕು. ಇದನ್ನು ಸಣ್ಣಪುಟ್ಟ ವ್ಯಾಪಾರದ ಜಾಣತನ ಎಂದು ಬಿಟ್ಟುಬಿಡಲು ನಮಗೆ ಮನಸ್ಸಿಲ್ಲ. ಇನ್ಶೂರೆನ್ಸ್ ಇದೆ ಎಂಬ ಧೈರ್ಯದ ಮೇಲೇ ಜನ ಉಳಿದ ಎಚ್ಚರಿಕೆಗಳನ್ನೆಲ್ಲ ಬಿಡುತ್ತಾರೆ. ನಮ್ಮ ತಂಗಿ ಬಿಟ್ಟದ್ದೂ ಹಾಗೆಯೇ.

ಆ ಸರ್ಟಿಫಿಕೇಟಿನಲ್ಲಿ ಏನು ನೋಡಬೇಕು? ವಿಮೆ ಯಾರ ಹೆಸರಿನಲ್ಲಿದೆ ಎನ್ನುವುದು ಮೊದಲು. ಪ್ಯಾಕರ್ಸ್‌ನವರ ಹೆಸರೊಂದೇ ಇದ್ದರೆ ಪರಿಹಾರದ ಹಣ ಅವರ ಖಾತೆಗೆ ಹೋಗಿ, ನೀವು ಅವರ ಹಿಂದೆ ಅಲೆಯಬೇಕಾಗುತ್ತದೆ. ಆಮೇಲೆ ಎಲ್ಲಿಂದ ಎಲ್ಲಿಗೆ, ಎಷ್ಟು ಮೊತ್ತಕ್ಕೆ, ಯಾವ ತಾರೀಖಿನಿಂದ ಎಂದು ನೋಡಿ. ಬಳಸಿದ ಮನೆಸಾಮಾನು ಎಂದೇ ಬರೆದಿದೆಯೋ ಇಲ್ಲವೋ ನೋಡಿ. ಕೊನೆಗೆ, ರಕ್ಷಣೆ ಎಷ್ಟು ಅಗಲದ್ದು ಎಂದು ಕೇಳಿ. ರಸ್ತೆ ಸಾಗಣೆಯ ಪಾಲಿಸಿಗಳಲ್ಲಿ ‘ಎ’ ಎಂಬ ಷರತ್ತು ಇದ್ದರೆ ಹೊರಗಿಟ್ಟ ಕೆಲವು ಕಾರಣಗಳನ್ನು ಬಿಟ್ಟು ಎಲ್ಲ ಬಗೆಯ ಹಾನಿಗೂ ರಕ್ಷಣೆ ಸಿಗುತ್ತದೆ. ‘ಬಿ’ ಇದ್ದರೆ ಬೆಂಕಿ, ಗಾಡಿ ಡಿಕ್ಕಿ, ಪಲ್ಟಿಯಂಥ ದೊಡ್ಡ ಅವಘಡಗಳಿಗೆ ಮಾತ್ರ. ಹಮಾಲರು ಇಳಿಸುವಾಗ ಟಿವಿ ಕೈಜಾರಿ ಬಿದ್ದರೆ ‘ಬಿ’ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. ಮನೆಸಾಮಾನು ಹಾಳಾಗುವುದು ಹೆಚ್ಚಾಗಿ ಹೀಗೆಯೇ, ಗಾಡಿ ಪಲ್ಟಿಯಾಗಿ ಅಲ್ಲ. ಸರ್ಟಿಫಿಕೇಟಿನಲ್ಲಿರುವ ನಂಬರನ್ನು ವಿಮಾ ಕಂಪನಿಯ ಸಹಾಯವಾಣಿಗೇ ಹೇಳಿ ಖಾತ್ರಿ ಮಾಡಿಕೊಳ್ಳಬಹುದು, ಹತ್ತು ನಿಮಿಷದ ಕೆಲಸ.

ಇನ್ನು ಆ ಒಂದೂವರೆ ಲಕ್ಷದ ವಿಷಯ. ಬೆಲೆ ಕಡಿಮೆ ಬರೆದರೆ ಒಂದಿಷ್ಟು ಉಳಿಯಿತು ಎಂದು ನಮಗೆಲ್ಲ ಅನಿಸುತ್ತದೆ. ಮೂರು ಲಕ್ಷದ ಸಾಮಾನಿಗೆ ಒಂದೂವರೆ ಲಕ್ಷ ಬರೆದರೆ ನೀವು ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ ಹಾಗೆ, ಉಳಿದ ಅರ್ಧದ ನಷ್ಟ ನಿಮ್ಮದೇ ಎಂದು ವಿಮಾ ಕಂಪನಿ ಲೆಕ್ಕ ಹಿಡಿಯಬಹುದು. ಹಾಳಾದ ಒಂದೊಂದು ಸಾಮಾನಿಗೂ ಈ ಲೆಕ್ಕವೇ. ಟಿವಿಯ ನಷ್ಟ 40,000 ಎಂದು ಸರ್ವೇಯರ್ ಒಪ್ಪಿದರೂ ಕೈಗೆ ಬರುವುದು 20,000. ಅದರಲ್ಲೂ ಪಾಲಿಸಿಯಲ್ಲಿ ಬರೆದಿರುವ ಕಡಿತ ಹೋಗುತ್ತದೆ. ‘ಹಾಳಾದದ್ದು ಒಂದೂವರೆ ಲಕ್ಷದೊಳಗೇ ಇದೆಯಲ್ಲ, ಪೂರಾ ಕೊಡಿ’ ಎಂದು ವಾದಿಸಿದರೆ ನಡೆಯುವುದಿಲ್ಲ.

ವಿಮೆಯೇ ಇಲ್ಲದಿದ್ದರೂ ಅದೇ ಅಂಕಿ ಕಾಡುತ್ತದೆ. ಲಾರಿಯಲ್ಲಿ ಸಾಗುವ ಸಾಮಾನಿಗೆ 2007ರ ರಸ್ತೆ ಸಾಗಣೆ ಕಾಯ್ದೆ ಅನ್ವಯಿಸುತ್ತದೆ. ಅದರ ಅಡಿಯ 2011ರ ನಿಯಮಗಳ ಪ್ರಕಾರ, ಹೆಚ್ಚು ದರ ಕೊಟ್ಟು ಹೆಚ್ಚು ಹೊಣೆ ಹೊರಿಸದೆ ಇದ್ದರೆ, ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಆದರೆ ಅದು ನೀವು ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. ತಂಗಿಯ ಬಾಡಿಗೆ 32,000, ಹತ್ತು ಪಟ್ಟು ಎಂದರೆ 3,20,000. ಪೂರಾ ಸಾಮಾನು ಸುಟ್ಟುಹೋಗಿದ್ದರೂ ಕೇಳಬಹುದಾಗಿದ್ದದ್ದು ಒಂದೂವರೆ ಲಕ್ಷ ಮಾತ್ರ. ಚೆಕ್‌ಪೋಸ್ಟಿನ ಹೆದರಿಕೆಯೂ ಸುಳ್ಳು. ಬಳಸಿದ ಮನೆಸಾಮಾನಿಗೆ ಜಿಎಸ್‌ಟಿಯ ಇ-ವೇ ಬಿಲ್ ಬೇಕಾಗಿಲ್ಲ, ಬೆಲೆ ಎಷ್ಟೇ ಇರಲಿ.

ಈಗ ಹಾನಿಯನ್ನು ತೋರಿಸಿಕೊಡುವ ಮಾತು. ತಂಗಿಯ ನಾಲ್ಕು ಹಾನಿಗಳೂ ಒಂದೇ ತರಹದವಲ್ಲ, ಅದಕ್ಕೇ ಒಂದೊಂದಾಗಿ ಹೇಳುತ್ತೇವೆ.

ಟಿವಿಯದು ಒಳಗೆ ಅಡಗಿದ್ದ ಹಾನಿ. ಹೊರಗಿನ ಪೆಟ್ಟಿಗೆ ಸರಿಯಿತ್ತು. ಇಂಥದ್ದರಲ್ಲಿ ಎದುರು ಪಾರ್ಟಿ ಎರಡೇ ಮಾತು ಹೇಳುತ್ತದೆ: ಒಂದೋ ಮೊದಲೇ ಒಡೆದಿತ್ತು, ಇಲ್ಲವೇ ನಾವು ಹೋದ ಮೇಲೆ ನೀವೇ ಒಡೆದುಕೊಂಡಿರಿ. ಮೊದಲನೆಯದಕ್ಕೆ ಉತ್ತರ, ಪ್ಯಾಕ್ ಮಾಡುವ ಮುಂಚಿನ ವಿಡಿಯೊ. ಟಿವಿಯಲ್ಲಿ ಚಿತ್ರ ಬರುತ್ತಿರುವುದು, ಹಿಂದಿನ ಸೀರಿಯಲ್ ನಂಬರು, ಆಮೇಲೆ ಅದನ್ನು ಪೆಟ್ಟಿಗೆಗೆ ಹಾಕುವುದು, ಪೆಟ್ಟಿಗೆಯ ಮೇಲೆ ನಂಬರ್ ಬರೆಯುವುದು, ಎಲ್ಲ ಒಂದೇ ಓಟದಲ್ಲಿ ಇರಲಿ. ಮೂಲ ವಿಡಿಯೊ ಫೋನಿನಲ್ಲೇ ಉಳಿಯಬೇಕು. ವಾಟ್ಸಾಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಿದರೆ ಚಿತ್ರೀಕರಿಸಿದ ತಾರೀಖಿನ ಗುರುತು ಹೋಗುತ್ತದೆ. ಎರಡನೆಯದಕ್ಕೆ ಉತ್ತರ, ಹಮಾಲರು ಇರುವಾಗಲೇ ಪೆಟ್ಟಿಗೆ ಬಿಚ್ಚುವುದು. ಎಲ್ಲವನ್ನೂ ಬಿಚ್ಚಲು ಆಗದು, ಆದರೆ ಟಿವಿ, ಫ್ರಿಜ್, ಗಾಜು ಇಷ್ಟನ್ನು ಬಿಚ್ಚಲು ಇಪ್ಪತ್ತು ನಿಮಿಷ ಸಾಕು.

ತೊಟ್ಟಿಲು ಕಣ್ಣಿಗೆ ಕಾಣುವ ಹಾನಿ. ಅದನ್ನು ಇಳಿಸುವಾಗಲೇ ನೋಡಿದ್ದರೆ ಡ್ರೈವರ್ ಒಯ್ಯುವ ಪ್ರತಿಯ ಮೇಲೆಯೇ ಬರೆಯಬಹುದಿತ್ತು. ‘ಪರಿಶೀಲನೆಗೆ ಒಳಪಟ್ಟು’ ಎಂಬ ಒಂದೇ ಮಾತು ಬರೆಯುವುದಕ್ಕಿಂತ ಬಿಡಿಸಿ ಬರೆಯುವುದು ಗಟ್ಟಿ: ‘14ನೇ ನಂಬರಿನ ತೊಟ್ಟಿಲು, ಮುಂದಿನ ಬಲಗಾಲು ಸೀಳಿದೆ. 9ನೇ ಪೆಟ್ಟಿಗೆಯ ಮೂಲೆ ಜಜ್ಜಿದೆ. 3ರಿಂದ 8ರವರೆಗಿನ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿ ನೋಡಿಲ್ಲ.’ ಬರೆದ ಮೇಲೆ ಆ ಕಾಗದದ ಫೋಟೊ ತೆಗೆಯಿರಿ, ಆಮೇಲೆ ಡ್ರೈವರನ ಕೈಗೆ ಕೊಡಿ. ಅವನು ಹೀಗೆ ಬರೆಯಲು ಬಿಡದಿದ್ದರೆ, ಗಾಡಿ ನಿಂತಿರುವಾಗಲೇ ಅದೇ ಮಾತನ್ನು ಕಂಪನಿಯ ವಾಟ್ಸಾಪ್‌ಗೂ ಇಮೇಲ್‌ಗೂ ಹಾಕಿ. ಯಾವ ಗಳಿಗೆಗೆ ತಿಳಿಸಿದಿರಿ ಎಂಬುದೇ ಮುಂದೆ ಸಾಕ್ಷಿಯಾಗುತ್ತದೆ.

ಇಲ್ಲಿ ಇನ್ನೊಂದು ಚಾಲಾಕಿತನ ಇದೆ, ತುಂಬುವ ದಿನವೇ ನಡೆಯುವಂಥದ್ದು. ಪ್ಯಾಕಿಂಗ್ ಪಟ್ಟಿಯಲ್ಲಿ ಒಂದೊಂದು ಸಾಮಾನಿನ ಮುಂದೆ ಅದರ ಸ್ಥಿತಿ ಬರೆಯುವ ಖಾನೆ ಇರುತ್ತದೆ. ಕೆಲವು ಸೂಪರ್‌ವೈಸರ್‌ಗಳು ನೋಡದೆಯೇ ಎಲ್ಲದರ ಮುಂದೆ ಗೀರು ಇದೆ, ತಗ್ಗು ಇದೆ ಎಂಬ ಅರ್ಥದ ಎರಡಕ್ಷರದ ಇಂಗ್ಲಿಷ್ ಗುರುತು ಹಾಕುತ್ತಾ ಹೋಗುತ್ತಾರೆ. ತಂಗಿಯ ಪಟ್ಟಿಯಲ್ಲಿ ಹೊಸ ಫ್ರಿಜ್ ಮುಂದೆಯೂ ‘ಗೀರು’ ಎಂದಿತ್ತು. ಕೆಳಗೆ ಅವಳದೇ ಸಹಿ. ಆ ಗುರುತುಗಳ ಅರ್ಥ ಕೇಳಿ ತಿಳಿದುಕೊಂಡು, ತಪ್ಪಿದ್ದರೆ ಹೊಡೆದುಹಾಕಿಸಿ, ಪಟ್ಟಿಯ ಒಂದು ಪ್ರತಿ ಇಟ್ಟುಕೊಳ್ಳಬೇಕು.

ವಾಷಿಂಗ್ ಮಷೀನಿನದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹೊರಗೆ ಏಟಿನ ಗುರುತಿಲ್ಲದೆ ಒಳಗೆ ಮಾತ್ರ ಕೆಟ್ಟಿದ್ದರೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದಿಲ್ಲ. ಯಂತ್ರದ ಒಳದೋಷವನ್ನು ಅವು ಹೊರಗಿಟ್ಟಿರುತ್ತವೆ. ಮುಂದೆ ಬಾಗಿಲಿರುವ ಮಷೀನುಗಳಲ್ಲಿ ಬಟ್ಟೆ ತಿರುಗುವ ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಸಾಗಿಸುವಾಗ ಅದು ಅಲ್ಲಾಡದಂತೆ ಹಿಂದಿನಿಂದ ಉದ್ದನೆಯ ಬೋಲ್ಟುಗಳನ್ನು ಬಿಗಿಯಬೇಕು. ಹೊಸ ಮಷೀನ್ ಬರುವಾಗ ಅವು ಇರುತ್ತವೆ, ಮನೆಯಲ್ಲಿ ಕೂಡಿಸುವವರು ಬಿಚ್ಚಿ ಕೈಗೆ ಕೊಡುತ್ತಾರೆ, ನಾವು ಎಲ್ಲೋ ಎಸೆಯುತ್ತೇವೆ. ಆ ಬೋಲ್ಟು ಇಲ್ಲದೆ ನಾನೂರು ಕಿಲೋಮೀಟರ್ ಹೋದರೆ ಡ್ರಮ್ಮು ಹೊಯ್ದಾಡಿ ಸ್ಪ್ರಿಂಗು, ಬೇರಿಂಗು ಕೆಡುತ್ತವೆ. ತಂಗಿಯ ಮನೆಯಲ್ಲೂ ಆ ಬೋಲ್ಟುಗಳು ಎಲ್ಲಿ ಹೋದವೋ ಯಾರಿಗೂ ನೆನಪಿರಲಿಲ್ಲ. ಸರ್ವಿಸ್ ಸೆಂಟರಿನವರು ತಪಾಸಣೆ ಚೀಟಿಯಲ್ಲಿ ಅದನ್ನೇ ಬರೆದರು. ಆ ಹಾನಿಗೆ ಕಂಪನಿಯನ್ನೊಂದೇ ದೂರುವುದು ನಮಗೂ ಸರಿ ಕಾಣಲಿಲ್ಲ, ಪ್ಯಾಕಿಂಗ್ ಅವರೇ ಮಾಡಿದ್ದರೂ ಕೂಡ.

ಗಾಜಿನ ಬಟ್ಟಲುಗಳನ್ನು ತಂಗಿಯೇ ಹಳೆ ಸೀರೆಯಲ್ಲಿ ಸುತ್ತಿ ಕಟ್ಟಿದ್ದಳು. ‘ಮಾಲೀಕರೇ ಕಟ್ಟಿದ್ದು’ ಎಂದು ಪಟ್ಟಿಯಲ್ಲಿ ಗುರುತಾದ ಪೆಟ್ಟಿಗೆಯೊಳಗೆ ಏನು ಒಡೆದರೂ ಸಾಮಾನ್ಯವಾಗಿ ವಿಮೆ ಬರುವುದಿಲ್ಲ. ಪ್ಯಾಕಿಂಗ್ ಸಾಲದಾಯಿತು ಎಂಬ ಕಾರಣ ಪಾಲಿಸಿಯಲ್ಲೇ ಇರುತ್ತದೆ. ಬಂಗಾರ, ರೊಕ್ಕ, ಮನೆಪತ್ರಗಳಂತೂ ಯಾವ ಪೆಟ್ಟಿಗೆಯಲ್ಲೂ ಹೋಗಬಾರದು.

ಸಾಮಾನು ಹಾಳಾದ ಮೇಲೆ ಜನ ಮಾಡುವ ದೊಡ್ಡ ತಪ್ಪು, ಮನೆ ಸ್ವಚ್ಛವಾಗಲಿ ಎಂದು ಒಡೆದದ್ದನ್ನೂ ಪೆಟ್ಟಿಗೆಯನ್ನೂ ಎಸೆದುಬಿಡುವುದು. ನಿಜವಾದ ಪಾಲಿಸಿ ಇದ್ದರೆ ಅದೇ ದಿನ ವಿಮಾ ಕಂಪನಿಗೆ ತಿಳಿಸಬೇಕು. ಸರ್ವೇಯರ್ ಬರುವವರೆಗೆ ಥರ್ಮೋಕೋಲು, ರಟ್ಟು, ಒಡೆದ ಸಾಮಾನು ಎಲ್ಲ ಇದ್ದಲ್ಲೇ ಇರಬೇಕು, ರಿಪೇರಿ ಮಾಡಿಸಬಾರದು. ರಿಪೇರಿಗೆ ಎಷ್ಟಾಗುತ್ತದೆ, ಕಾರಣ ಏನು ಎಂದು ಸರ್ವಿಸ್ ಸೆಂಟರಿನಿಂದ ಬರೆಸಿಕೊಳ್ಳಬೇಕು. ಖರೀದಿ ಬಿಲ್ ಕಳೆದಿದ್ದರೆ ವಾರಂಟಿ ಕಾರ್ಡೋ ಬ್ಯಾಂಕ್ ಸ್ಟೇಟ್‌ಮೆಂಟೋ ಹುಡುಕಿ. ಇದರ ಜೊತೆಗೆ ಸಾಗಣೆ ಕಂಪನಿಗೂ ಲಿಖಿತ ನೋಟಿಸ್ ಹೋಗಲೇಬೇಕು. ಅದನ್ನು ಕಳಿಸದಿದ್ದರೆ ನಿಮಗೆ ಹಣ ಕೊಟ್ಟ ವಿಮಾ ಕಂಪನಿ ಆಮೇಲೆ ಲಾರಿಯವರಿಂದ ವಸೂಲಿ ಮಾಡಲು ಆಗುವುದಿಲ್ಲ, ಆ ನೆಪದಲ್ಲಿ ನಿಮ್ಮ ಕ್ಲೇಮಿಗೂ ಅಡ್ಡಿಯಾಗಬಹುದು.

ಈ ನೋಟಿಸಿಗೆ ಕಾಯ್ದೆಯಲ್ಲಿ ಗಡುವು ಇದೆ: ಸಾಮಾನು ಬುಕ್ ಮಾಡಿದ ದಿನದಿಂದ 180 ದಿನ. ನಾಳೆ ಕೊಡುತ್ತೇವೆ, ಬರುವ ವಾರ ಕೊಡುತ್ತೇವೆ ಎಂದು ಫೋನಿನಲ್ಲೇ ಆರು ತಿಂಗಳು ದೂಡಿದರೆ ಕೋರ್ಟಿನ ಬಾಗಿಲೂ ಮುಚ್ಚುತ್ತದೆ. ಕಾಯ್ದೆ ನಮ್ಮ ಪರವಾಗಿಯೂ ಒಂದು ಮಾತು ಹೇಳುತ್ತದೆ. ಸಾಗಣೆದಾರನ ನಿರ್ಲಕ್ಷ್ಯವನ್ನು ನಾವು ಸಾಬೀತು ಮಾಡಬೇಕಾಗಿಲ್ಲ, ಸಾಮಾನು ಸರಿಯಾಗಿ ಒಪ್ಪಿಸಿದ್ದೆವು ಮತ್ತು ಹಾಳಾಗಿ ಬಂತು ಎಂದು ತೋರಿಸಿದರೆ ಸಾಕು. ರಸೀದಿಯ ಮೇಲೆ ‘ಓನರ್ಸ್ ರಿಸ್ಕ್’ ಎಂದು ಮುದ್ರೆ ಹೊಡೆದಿದ್ದರೂ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

‘ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಸಹಿ ಹಾಕಿಬಿಟ್ಟಿದ್ದರೆ ಎಲ್ಲ ಮುಗಿಯಿತೇ? ಇಲ್ಲ. ಆದರೆ ಭಾರವೆಲ್ಲ ನಿಮ್ಮ ಕಡೆ ವಾಲುತ್ತದೆ. ಪೆಟ್ಟಿಗೆ ಬಿಚ್ಚದೆ ಸಹಿ ಹಾಕಿದೆವು ಎನ್ನುವುದನ್ನು ಬೇರೆ ಸಾಕ್ಷಿಯಿಂದ ತೋರಿಸಬೇಕಾಗುತ್ತದೆ. ನಮ್ಮ ತಂಗಿಗೆ ಒದಗಿದ್ದು ಅಪಾರ್ಟ್‌ಮೆಂಟಿನ ವಾಚ್‌ಮನ್ ಪುಸ್ತಕ. ಗಾಡಿ ಒಳಗೆ ಬಂದದ್ದು 9.35ಕ್ಕೆ, ಹೊರಗೆ ಹೋದದ್ದು 10.20ಕ್ಕೆ ಎಂದು ಅದರಲ್ಲಿತ್ತು. ನಲವತ್ತೈದು ನಿಮಿಷದಲ್ಲಿ ಮೂವತ್ತೊಂದು ಪೆಟ್ಟಿಗೆ ಇಳಿಸಿ, ಮೂರನೇ ಮಹಡಿಗೆ ಒಯ್ದು, ಬಿಚ್ಚಿ ನೋಡಲು ಯಾರಿಂದಲೂ ಆಗದು. ಆ ಪುಟದ ಫೋಟೊ ಹಚ್ಚಿ, ಟಿವಿ ಮತ್ತು ತೊಟ್ಟಿಲಿಗೆ ಮಾತ್ರ ಲೆಕ್ಕ ಹಾಕಿ, 4,500 ರೂಪಾಯಿಯ ಇನ್ಶೂರೆನ್ಸ್ ಪಾಲಿಸಿ ಎಲ್ಲಿ ಎಂದು ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದರು. ಅದುವರೆಗೆ ಫೋನ್ ಎತ್ತದವರು ಹತ್ತೇ ದಿನದಲ್ಲಿ ತಾವೇ ಫೋನ್ ಮಾಡಿ 16,000 ಕೊಡುತ್ತೇವೆ ಎಂದರು.

ಒಪ್ಪಬೇಡ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋಣ ಎಂದು ನಾವು ಹೇಳಿದೆವು. 2019ರ ಗ್ರಾಹಕ ಕಾಯ್ದೆ ಪ್ರಕಾರ ದೂರುದಾರರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ತಂಗಿ ಒಪ್ಪಲಿಲ್ಲ. “ನೀವು ಹೇಳೋದು ಖರೆ ಅಣ್ಣಾ, ಆದ್ರ ಕೂಸಿನ್ನ ಕಟ್ಟಿಕೊಂಡು ನಾ ಎಷ್ಟು ದಿನ ರಜಾ ಹಾಕ್ಲಿ?” ಎಂದಳು. 16,000 ತೆಗೆದುಕೊಂಡು ರಾಜಿ ಕಾಗದಕ್ಕೆ ಸಹಿ ಹಾಕಿದಳು. ಕಂಪನಿಗಳು ನೆಚ್ಚಿಕೊಂಡಿರುವುದು ಇದನ್ನೇ ಎಂದು ನಮಗೆ ಸಿಟ್ಟು ಬಂತು. ಅವಳ ಮೇಲೆ ಸಿಟ್ಟಾಗಲು ಮಾತ್ರ ಆಗಲಿಲ್ಲ.

ದುಬೈ, ಮಸ್ಕತ್ತಿನಿಂದ ಸಾಮಾನು ತರಿಸಿಕೊಳ್ಳುವವರು, ಅಲ್ಲಿಗೆ ಕಳಿಸುವವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಹಡಗಿನಲ್ಲಿ ಬರುವ ಸಾಮಾನಿಗೆ ಗಡುವು ಇನ್ನೂ ಬಿಗಿ. ಕಾಣುವ ಹಾನಿಯನ್ನು ತಗೊಳ್ಳುವಾಗಲೇ ಬರೆದುಕೊಡಬೇಕು, ಒಳಗಿನ ಹಾನಿಯನ್ನು ಮೂರು ದಿನದೊಳಗೆ. ತಲುಪುವ ಊರಿನಲ್ಲಿ ಯಾವ ಸರ್ವೇ ಏಜೆಂಟರನ್ನು ಕರೆಯಬೇಕು ಎಂದು ವಿಮೆಯ ಸರ್ಟಿಫಿಕೇಟಿನಲ್ಲೇ ಇರುತ್ತದೆ, ಹೊರಡುವ ಮುಂಚೆಯೇ ಓದಿಟ್ಟುಕೊಳ್ಳಿ.

ಈ ವರ್ಷ ತಂಗಿಯ ಗಂಡನಿಗೆ ನಾಗಪುರದಲ್ಲಿ ಕೆಲಸ ಸಿಕ್ಕಿತು. ಮತ್ತೆ ಪ್ಯಾಕರ್ಸ್, ಬೇರೆ ಕಂಪನಿ. ಈ ಸಲ ಮೂರು ಲಕ್ಷವೆಂದೇ ಬರೆಸಿದರು. ಅವಳ ಹೆಸರಿನ ಸರ್ಟಿಫಿಕೇಟ್ ಬರುವವರೆಗೆ ಗಾಡಿ ತುಂಬಲು ಬಿಡಲಿಲ್ಲ. ವಾಷಿಂಗ್ ಮಷೀನಿಗೆ ಸರ್ವಿಸ್ ಸೆಂಟರಿನಿಂದ ಬೋಲ್ಟು ತರಿಸಿ ಹಾಕಿಸಿದರು. ನಾಗಪುರದಲ್ಲಿ ಡ್ರೈವರ್ ಸಹಿಗೆ ಅವಸರ ಮಾಡಿದಾಗ ತಂಗಿ ಅವನಿಗೊಂದು ಕುರ್ಚಿ ಹಾಕಿ, ಚಹಾ ಕೊಟ್ಟು, ಅವನ ಎದುರಿಗೇ ಆರು ಪೆಟ್ಟಿಗೆ ಬಿಚ್ಚಿಸಿದಳಂತೆ. ಫ್ರಿಜ್ಜಿನ ಬಾಗಿಲಲ್ಲಿ ಒಂದು ತಗ್ಗು ಸಿಕ್ಕಿತು. ಕಾಗದದ ಮೇಲೆ ಬರೆದಳು, ಅವನೂ ಕೆಳಗೆ ಸಹಿ ಹಾಕಿದ. ಸರ್ವೇಯರ್ ಬಂದು ನೋಡಿಕೊಂಡು ಹೋಗಿದ್ದಾರೆ, ಹಣ ಬರುವುದು ಬಾಕಿ ಇದೆ.